ನಿದ್ದೆಗೆಟ್ಟ ತಲೆಗೆ ಕ್ರಿಯೇಟಿನ್ ಎಷ್ಟು ಕೆಲಸ ಮಾಡುತ್ತೆ?

ಪ್ರಶ್ನೆ: ನಾನು ಸಸ್ಯಾಹಾರಿ. ಎರಡು ತಿಂಗಳಿಂದ ದಿನಕ್ಕೆ ಐದು ಗಂಟೆ ನಿದ್ದೆ ಆದ್ರೆ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ತಲೆ ಓಡಲ್ಲ, ಓದಿದ್ದು ನಿಲ್ಲಲ್ಲ. ಜಿಮ್‌ಗೆಲ್ಲ ಹೋಗಲ್ಲ, ಆದ್ರೂ ಜಿಮ್‌ನವರು ತಗೊಳ್ಳೋ ಕ್ರಿಯೇಟಿನ್ ಪುಡಿ ತಗೊಂಡ್ರೆ ನೆನಪಿನ ಶಕ್ತಿಗೆ ಒಳ್ಳೇದು ಅಂತಾರೆ. ನಿಜಾನಾ?

ಸ್ವಲ್ಪ ಉಪಯೋಗ ಆಗಬಹುದು. ಆದರೆ ಸಸ್ಯಾಹಾರಿ ಅನ್ನುವ ಕಾರಣಕ್ಕಿಂತ ನಿದ್ದೆಗೆಟ್ಟಿದ್ದೀರಿ ಅನ್ನುವ ಕಾರಣಕ್ಕೆ ಆಗುವ ಸಾಧ್ಯತೆ ಜಾಸ್ತಿ. ಅದೂ ನೀವು ನಿರೀಕ್ಷೆ ಮಾಡಿದಷ್ಟು ಇರಲಿಕ್ಕಿಲ್ಲ. ನಾನೂ ಹುಟ್ಟಿನಿಂದ ಸಸ್ಯಾಹಾರಿ, ಮೂರು ವರ್ಷ ರಾತ್ರಿ ಪಾಳಿಯಲ್ಲಿ ದುಡಿದವನು. ಬೆಳಗಿನ ಜಾವ ನಾಲ್ಕಕ್ಕೆ ಯಾರಾದರೂ ಫೋನ್ ನಂಬರ್ ಹೇಳಿದರೆ, ಪೆನ್ನು ಹುಡುಕುವಷ್ಟರಲ್ಲಿ ಕೊನೆಯ ನಾಲ್ಕು ಅಂಕಿ ಮಾಯವಾಗಿರುತ್ತಿದ್ದವು. ಆ ಕಾಲದಲ್ಲೇ ಈ ಪುಡಿಯ ಬೆನ್ನು ಬಿದ್ದಿದ್ದೆ.

ಮೊದಲು ಇದು ಏನು ಮಾಡುತ್ತದೆ ಅನ್ನೋದು. ಜೀವಕೋಶಗಳು ಖರ್ಚು ಮಾಡುವ ನಗದು ಅಂದರೆ ಎಟಿಪಿ. ಅದನ್ನು ಕೂಡಿಡಲು ಆಗುವುದಿಲ್ಲ, ಬಳಸಿದ ಹಾಗೇ ಮತ್ತೆ ತಯಾರಾಗಬೇಕು. ತಯಾರಿ ಒಂದು ಗಳಿಗೆ ತಡವಾದರೆ ಪಕ್ಕದಲ್ಲಿ ಕೂತಿರುವ ಫಾಸ್ಫೋಕ್ರಿಯೇಟಿನ್, ಅಂದರೆ ಫಾಸ್ಫೇಟ್ ಹೊತ್ತ ಕ್ರಿಯೇಟಿನ್, ತನ್ನ ಫಾಸ್ಫೇಟನ್ನು ಕೈಗಡ ಕೊಡುತ್ತದೆ. ಆಮೇಲೆ ಬಿಡುವಾದಾಗ ವಾಪಸ್ ತುಂಬಿಕೊಳ್ಳುತ್ತದೆ. ಮೆದುಳಿನ ತೂಕ ದೇಹದ ಶೇಕಡಾ 2ರಷ್ಟು, ಆದರೆ ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದಕ್ಕೇ ಹೋಗುತ್ತದೆ. ಹಾಗಾಗಿ ಈ ಕೈಗಡದ ವ್ಯವಸ್ಥೆ ಅಲ್ಲೂ ಇದೆ. ಕೈಗಡ ಬೇಕಾಗುವುದು ಮುಗ್ಗಟ್ಟು ಬಂದಾಗ, ಅಲ್ವಾ? ಚೆನ್ನಾಗಿ ನಿದ್ದೆ ಮಾಡಿ ಎದ್ದವರಲ್ಲಿ ಕ್ರಿಯೇಟಿನ್ ಹೇಳಿಕೊಳ್ಳುವಂಥ ಬದಲಾವಣೆ ತೋರಿಸದೆ ಇರುವುದಕ್ಕೆ ಇದೇ ಕಾರಣ ಇರಬಹುದು ಅಂತ ನನ್ನ ಅಂದಾಜು.

ಈಗ ಸಸ್ಯಾಹಾರದ ವಿಷಯ. ದೇಹದ ಕ್ರಿಯೇಟಿನ್ ಸಂಗ್ರಹದಲ್ಲಿ ದಿನಕ್ಕೆ ಸುಮಾರು 2 ಗ್ರಾಂ ಸವೆದು ಮೂತ್ರದಲ್ಲಿ ಹೋಗುತ್ತದೆ. ಮಾಂಸ, ಮೀನು ತಿನ್ನುವವರಿಗೆ ಅದರಲ್ಲಿ ಅರ್ಧದಷ್ಟು ತಟ್ಟೆಯಿಂದಲೇ ಬರುತ್ತದೆ. ನಮ್ಮಂಥವರಿಗೆ ಹಾಲಿನಿಂದ ಚೂರುಪಾರು ಸಿಕ್ಕರೆ ಹೆಚ್ಚು, ಉಳಿದಿದ್ದನ್ನು ದೇಹವೇ ಮಾಡಿಕೊಳ್ಳಬೇಕು. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಕ್ರಿಯೇಟಿನ್ ಕಡಿಮೆ ಇರುವುದು ನಿಜ. ಇಲ್ಲಿಂದ ಜನ ನೇರ ತಲೆಗೆ ಹಾರುತ್ತಾರೆ: ಸ್ನಾಯುವಿನಲ್ಲಿ ಕಡಿಮೆ ಇದ್ದರೆ ಮೆದುಳಿನಲ್ಲೂ ಕಡಿಮೆ ಇರಬೇಕು ಅಂತ. ಸ್ಕ್ಯಾನ್ ಮಾಡಿ ಅಳೆದಾಗ ಹಾಗೆ ಕಾಣಲಿಲ್ಲ. ಸಸ್ಯಾಹಾರಿಗಳ ಮೆದುಳಿನಲ್ಲೂ ಮಾಂಸಾಹಾರಿಗಳಷ್ಟೇ ಇತ್ತು. ಮೆದುಳು ತನಗೆ ಬೇಕಾದ್ದನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ, ಹೊರಗಿನಿಂದ ಬರುವುದನ್ನು ಅಷ್ಟು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? 2003ರಲ್ಲಿ ಆಸ್ಟ್ರೇಲಿಯಾದಲ್ಲಿ 45 ಸಸ್ಯಾಹಾರಿ ಯುವಜನರ ಮೇಲೆ ಒಂದು ಅಧ್ಯಯನ ನಡೆಯಿತು. ಆರು ವಾರ ದಿನಕ್ಕೆ 5 ಗ್ರಾಂ ಕ್ರಿಯೇಟಿನ್, ಇನ್ನು ಆರು ವಾರ ಹುಸಿ ಪುಡಿ. ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆ ಕೊಟ್ಟರು. ಅಂದರೆ ನಾನು 7-2-9-4-6 ಅಂದರೆ ನೀವು 6-4-9-2-7 ಅನ್ನಬೇಕು. ನೆನಪಿಟ್ಟುಕೊಂಡರೆ ಸಾಲದು, ತಲೆಯಲ್ಲೇ ತಿರುವಿ ಹಾಕಬೇಕು. ಕ್ರಿಯೇಟಿನ್ ತಗೊಂಡಾಗ ಅದರಲ್ಲಿ ಫಲಿತಾಂಶ ಚೆನ್ನಾಗಿಯೇ ಸುಧಾರಿಸಿತ್ತು. ಆದರೆ ಆ ಗುಂಪಿನಲ್ಲಿ ಮಾಂಸ ತಿನ್ನುವವರು ಇರಲೇ ಇಲ್ಲ. ಹಾಗಾಗಿ ಇದು ಸಸ್ಯಾಹಾರಿಗಳಿಗೆ ಮಾತ್ರ ಸಿಗುವ ಲಾಭ ಅಂತ ಅದರಿಂದ ಹೇಳಲಾಗದು. 2011ರ ಒಂದು ಅಧ್ಯಯನದಲ್ಲಿ ಇಬ್ಬರನ್ನೂ ಸೇರಿಸಿಕೊಂಡಾಗ ಸಸ್ಯಾಹಾರಿ ಹುಡುಗಿಯರ ನೆನಪು ಹೆಚ್ಚು ಸುಧಾರಿಸಿದಂತೆ ಕಂಡಿತು. ಆಮೇಲೆ 2023ರಲ್ಲಿ 123 ಜನರನ್ನು, ಅರ್ಧ ಸಸ್ಯಾಹಾರಿಗಳು ಅರ್ಧ ಮಾಂಸಾಹಾರಿಗಳು, ಕೂರಿಸಿ ಅದೇ 5 ಗ್ರಾಂ, ಅದೇ ಆರು ವಾರ ಪರೀಕ್ಷೆ ಮಾಡಿದರು. ಅಲ್ಲಿ ಲಾಭ ಕಂಡಿದ್ದು ತೀರಾ ಚಿಕ್ಕದು, ಆಕಸ್ಮಿಕ ಅಂತ ತಳ್ಳಿಹಾಕಬಹುದಾದಷ್ಟು. ಸಸ್ಯಾಹಾರಿಗಳಿಗೆ ಹೆಚ್ಚು ಅನ್ನುವುದಂತೂ ಕಾಣಲೇ ಇಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2024ರಲ್ಲಿ ಇಂಥ ಪುರಾವೆಗಳನ್ನೆಲ್ಲ ನೋಡಿ, ಕ್ರಿಯೇಟಿನ್‌ನಿಂದ ಬುದ್ಧಿಶಕ್ತಿ ಹೆಚ್ಚುತ್ತದೆ ಅನ್ನುವುದು ಸಾಬೀತಾಗಿಲ್ಲ ಅಂದಿತು. ಆ ಮಾತು ನನಗೆ ಸರಿ ಅನ್ನಿಸುತ್ತದೆ.

ನಿದ್ದೆಗೆಟ್ಟವರ ಕಥೆ ಸ್ವಲ್ಪ ಬೇರೆ, ಹೆಚ್ಚು ಕುತೂಹಲದ್ದು ಕೂಡ. ಜರ್ಮನಿಯ ಯೂಲಿಶ್ ಸಂಶೋಧನಾ ಕೇಂದ್ರದವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15 ಜನರನ್ನು ಸುಮಾರು 21 ಗಂಟೆ ಎಚ್ಚರವಾಗಿರಿಸಿದರು. ಒಂದು ರಾತ್ರಿ ಕ್ರಿಯೇಟಿನ್, ಇನ್ನೊಂದು ರಾತ್ರಿ ಹುಸಿ ಪುಡಿ. ರಾತ್ರಿ ಕಳೆಯುವಾಗ ನಡುನಡುವೆ ಪರೀಕ್ಷೆ, ಜೊತೆಗೆ ಮೆದುಳಿನ ಫಾಸ್ಫೇಟ್‌ಗಳನ್ನು ಅಳೆಯುವ ಸ್ಕ್ಯಾನ್. ಕ್ರಿಯೇಟಿನ್ ಕುಡಿದು ಮೂರು ಗಂಟೆ ಕಳೆದ ಮೇಲೆ ವ್ಯತ್ಯಾಸ ಕಾಣತೊಡಗಿತು, ನಾಲ್ಕನೇ ಗಂಟೆಯ ಸುಮಾರಿಗೆ ಗರಿಷ್ಠ ಮಟ್ಟ ಮುಟ್ಟಿತು, ಒಂಬತ್ತು ಗಂಟೆಯವರೆಗೂ ಸ್ವಲ್ಪ ಉಳಿಯಿತು. ಯೋಚನೆಯ ವೇಗ ಕುಸಿಯಲಿಲ್ಲ. ಮೆದುಳಿನ ಒಳಗಿನ ಶಕ್ತಿಯ ಲೆಕ್ಕವೂ ಜೊತೆಗೇ ಬದಲಾಗಿತ್ತು. ಇಷ್ಟು ಬೇಗ ಮೆದುಳಿಗೆ ಕ್ರಿಯೇಟಿನ್ ಹೋಗಬಲ್ಲದು ಅಂತ ಅದಕ್ಕೂ ಮುಂಚೆ ಯಾರೂ ಅಂದುಕೊಂಡಿರಲಿಲ್ಲ. ನಿದ್ದೆಗೆಟ್ಟು ಬಳಲಿದ ಮೆದುಳು ಬಾಗಿಲನ್ನು ಸ್ವಲ್ಪ ಜಾಸ್ತಿ ತೆರೆಯುತ್ತದೇನೋ.

ಆದರೆ ಅಲ್ಲಿ ಕೊಟ್ಟ ಪ್ರಮಾಣ ನೋಡಿ. ದೇಹದ ಪ್ರತಿ ಕಿಲೋ ತೂಕಕ್ಕೆ 0.35 ಗ್ರಾಂ, ಒಂದೇ ಸಲಕ್ಕೆ. 60 ಕಿಲೋ ಇರುವವರಿಗೆ ಅದು 21 ಗ್ರಾಂ. ಮಾಮೂಲಿ ದಿನದ ಪ್ರಮಾಣದ ನಾಲ್ಕು ಪಟ್ಟು. ಮನೆಯಲ್ಲಿ ಇದನ್ನು ಮಾಡಬೇಡಿ, ಬೇರೇನೂ ಆಗದಿದ್ದರೂ ಹೊಟ್ಟೆ ಕೆಡುವ ಸಾಧ್ಯತೆ ಇದೆ. ಎರಡನೆಯದು, ಅದು ಒಂದು ರಾತ್ರಿಯ ಜಾಗರಣೆ. ನಿಮ್ಮದು ದಿನಾ ಎರಡು ಗಂಟೆ ಕದ್ದು ಕದ್ದು ಎರಡು ತಿಂಗಳು ಕೂಡಿಟ್ಟ ಸಾಲ. ಎರಡೂ ಒಂದೇ ಅಲ್ಲ. ಒಂದರಲ್ಲಿ ಕೆಲಸ ಮಾಡಿದ್ದು ಇನ್ನೊಂದರಲ್ಲೂ ಮಾಡುತ್ತದೆ ಅಂತ ಈ 15 ಜನರನ್ನು ನೋಡಿ ಹೇಳಲಾಗದು.

ನೀವು ಹೇಳಿದ ಮಧ್ಯಾಹ್ನದ ದಣಿವಿಗೆ ಹತ್ತಿರ ಬರುವುದು ಜಪಾನಿನ ಒಂದು ಹಳೆಯ ಅಧ್ಯಯನ, 2002ರದ್ದು. ಐದು ದಿನ, ದಿನಕ್ಕೆ 8 ಗ್ರಾಂ ಕೊಟ್ಟು, ಸಾಲು ಸಾಲಾಗಿ ಲೆಕ್ಕ ಮಾಡಿಸಿದರು. ಬೇಸರ ಬಂದು ಸುಸ್ತಾಗುವಂಥ ಕೆಲಸ. ಕ್ರಿಯೇಟಿನ್ ತಗೊಂಡವರಲ್ಲಿ ದಣಿವು ಕಡಿಮೆ ಕಂಡಿತು. ಚಿಕ್ಕ ಅಧ್ಯಯನವೇ, ಆದರೂ ಎಲ್ಲೆಲ್ಲಿ ಲಾಭ ಕಾಣುತ್ತದೋ ಅಲ್ಲೆಲ್ಲ ತಲೆ ಒತ್ತಡದಲ್ಲಿದೆ ಅನ್ನುವುದನ್ನು ಗಮನಿಸಿ.

ನಾನು ನನ್ನ ಮೇಲೇ ಒಂದು ಪ್ರಯೋಗ ಮಾಡಿಕೊಂಡೆ. ಹೇಗೆ ಹಾಳಾಯಿತು ಅಂತ ಹೇಳುತ್ತೇನೆ, ನೀವೂ ಮಾಡುವ ಹಾಗಿದ್ದರೆ ಉಪಯೋಗಕ್ಕೆ ಬರಬಹುದು. ಅಕ್ಕನ ಕೈಲಿ ಪೊಟ್ಟಣ ಕಟ್ಟಿಸಿದೆ. ನಾಲ್ಕು ವಾರಕ್ಕೆ ಒಂದು ಬಗೆ, ಇನ್ನು ನಾಲ್ಕು ವಾರಕ್ಕೆ ಇನ್ನೊಂದು. ಒಂದರಲ್ಲಿ 5 ಗ್ರಾಂ ಕ್ರಿಯೇಟಿನ್, ಇನ್ನೊಂದರಲ್ಲಿ ಗ್ಲೂಕೋಸ್ ಪುಡಿ. ಯಾವುದು ಮೊದಲು ಅಂತ ಅವಳಿಗೆ ಮಾತ್ರ ಗೊತ್ತು. ದಿನಾ ಪಾಳಿ ಮುಗಿಸಿ ಬಂದ ಮೇಲೆ ಅವಳು ಅಂಕಿ ಓದುವುದು, ನಾನು ಹಿಂದುಮುಂದಾಗಿ ಹೇಳುವುದು. ಮೂರನೇ ದಿನಕ್ಕೇ ಗುಟ್ಟು ರಟ್ಟಾಯಿತು. ಲೋಟದ ತಳದಲ್ಲಿ ಸಣ್ಣ ಮರಳಿನ ಹಾಗೆ ಏನೋ ಉಳಿಯುತ್ತಿತ್ತು. ಗ್ಲೂಕೋಸ್ ಪೂರ್ತಿ ಕರಗುತ್ತದೆ. ಕ್ರಿಯೇಟಿನ್ ತಣ್ಣೀರಲ್ಲಿ ಲೀಟರಿಗೆ ಹತ್ತಿರ ಹತ್ತಿರ 14 ಗ್ರಾಂ ಮಾತ್ರ ಕರಗುವುದು, ಹಾಗಾಗಿ ಒಂದು ಲೋಟದಲ್ಲಿ 5 ಗ್ರಾಂ ಹಾಕಿದರೆ ತಳ ಹಿಡಿಯಲೇಬೇಕು. ಏನು ಕುಡಿಯುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಚುರುಕಾದ ಹಾಗೆ ಅನ್ನಿಸದೆ ಇರುತ್ತಾ?

ಇನ್ನೊಂದು ತಪ್ಪು ಆಮೇಲೆ ಹೊಳೆಯಿತು. ಮೊದಲ ತಿಂಗಳು ಐದು ಅಂಕಿಯಿಂದ ಆರಕ್ಕೆ ಏರಿದ್ದೆ, ಖುಷಿಯಾಗಿತ್ತು. ಎರಡನೇ ತಿಂಗಳು, ಬರೀ ಗ್ಲೂಕೋಸ್ ಕುಡಿಯುವಾಗ, ಏಳು ಮುಟ್ಟಿದೆ! ದಿನಾ ಮಾಡಿದರೆ ಯಾರಿಗಾದರೂ ಕೈ ಪಳಗುತ್ತದೆ. ಸಾಲದ್ದಕ್ಕೆ, ಕ್ರಿಯೇಟಿನ್ ನಿಲ್ಲಿಸಿದರೂ ಸ್ನಾಯುವಿನ ಸಂಗ್ರಹ ಹಳೇ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ ನನ್ನ ಎರಡನೇ ತಿಂಗಳು ನಿಜವಾದ ಖಾಲಿ ತಿಂಗಳೇ ಅಲ್ಲ. ನೀವು ಮಾಡುವುದಾದರೆ ಬಿಸಿನೀರಲ್ಲಿ ಪೂರ್ತಿ ಕರಗಿಸಿ ಕುಡಿಯಿರಿ, ಪುಡಿ ಶುರು ಮಾಡುವ ಮುಂಚೆ ಎರಡು ವಾರ ಬರೀ ಪರೀಕ್ಷೆ ಅಭ್ಯಾಸ ಮಾಡಿ ಅಂಕ ಏರುವುದು ನಿಂತ ಮೇಲೆ ಶುರು ಮಾಡಿ. ಪ್ರತಿದಿನ ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದಿರಿ ಅಂತಲೂ ಪಕ್ಕದಲ್ಲಿ ಬರೆಯಿರಿ. ನನ್ನ ಪುಸ್ತಕದಲ್ಲಿ ಸ್ಪಷ್ಟವಾಗಿ ಕಂಡ ಸಂಬಂಧ ಅದೊಂದೇ. ಏಳು ಗಂಟೆ ಮಲಗಿದ ಮರುದಿನ ಅಂಕ ಒಂದು ಜಾಸ್ತಿ, ಯಾವ ಪುಡಿ ಕುಡಿದಿದ್ದರೂ.

ತಗೊಳ್ಳುವುದೇ ಆದರೆ ಸಾದಾ ಕ್ರಿಯೇಟಿನ್ ಮೊನೊಹೈಡ್ರೇಟ್, ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ. ಚಮಚದ ಅಳತೆ ನಂಬಬೇಡಿ, ಒಮ್ಮೆ ತೂಗಿ ನೋಡಿ. ಸ್ನಾಯು ತುಂಬಲು ಮೂರ್ನಾಲ್ಕು ವಾರ ಬೇಕು, ಮೆದುಳಿಗೆ ಅದಕ್ಕಿಂತ ನಿಧಾನ. ಹಾಗಾಗಿ ಎಂಟು ವಾರಕ್ಕಿಂತ ಮುಂಚೆ ತೀರ್ಮಾನಕ್ಕೆ ಬರಬೇಡಿ, ಎಂಟು ವಾರದಲ್ಲೂ ಏನೂ ಅನ್ನಿಸದಿದ್ದರೆ ಬಿಟ್ಟುಬಿಡಿ. ಸ್ನಾಯು ನೀರು ಹಿಡಿದುಕೊಳ್ಳುವುದರಿಂದ ತೂಕ ಒಂದು ಕಿಲೋ ಏರಬಹುದು, ಅದು ಬೊಜ್ಜಲ್ಲ. ಕಿಡ್ನಿ ತೊಂದರೆ ಇದ್ದರೆ ಅಥವಾ ಬಸುರಿಯಾಗಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ.

ಪುಡಿಗಿಂತ ಮೊದಲು ಬಿ12 ಮತ್ತು ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾಗುವುದು ಮಾಮೂಲು. ನೀವು ಬರೆದ ಮರೆವು, ಸುಸ್ತು ಎರಡೂ ಅದರಿಂದ ಬರಬಹುದು. ಅದು ಕಡಿಮೆ ಇದ್ದರೆ ಕ್ರಿಯೇಟಿನ್ ಎಷ್ಟು ಕುಡಿದರೂ ಪ್ರಯೋಜನ ಇಲ್ಲ.

ಪರೀಕ್ಷೆಗೆ ರಕ್ತ ಕೊಡಲು ಹೋದಾಗ ನೆನಪಿಡಬೇಕಾದ್ದು ಇನ್ನೊಂದು. ಕ್ರಿಯೇಟಿನ್ ಸವೆದು ಆಗುವುದು ಕ್ರಿಯೇಟಿನಿನ್, ಕಿಡ್ನಿ ಪರೀಕ್ಷೆಯಲ್ಲಿ ಅಳೆಯುವುದೂ ಅದನ್ನೇ. ಪುಡಿ ತಗೊಳ್ಳುತ್ತಿದ್ದಾಗ ನನ್ನದು 0.9ರಿಂದ 1.3ಕ್ಕೆ ಏರಿತ್ತು. ವರದಿ ನೋಡಿದ ಡಾಕ್ಟರು ಕಿಡ್ನಿ ಸೋತಿದೆ ಅಂದುಬಿಟ್ಟರು, ನಾನು ಪುಡಿ ತಗೊಳ್ತಿದ್ದೀನಿ ಅಂತ ಹೇಳಿರಲಿಲ್ಲ. ಎರಡು ರಾತ್ರಿ ಇದ್ದ ನಿದ್ದೆಯೂ ಹೋಯಿತು. ಆಮೇಲೆ ಸಿಸ್ಟಾಟಿನ್ ಸಿ ಅನ್ನುವ ಬೇರೆ ಪರೀಕ್ಷೆ ಮಾಡಿಸಿದರು. ಅದಕ್ಕೂ ಕ್ರಿಯೇಟಿನ್‌ಗೂ ಸಂಬಂಧ ಇಲ್ಲ, ಅದು ಸರಿಯಾಗಿಯೇ ಇತ್ತು. ಪುಡಿ ಶುರು ಮಾಡುವ ಮುಂಚೆಯೇ ಒಮ್ಮೆ ಕ್ರಿಯೇಟಿನಿನ್ ನೋಡಿಸಿ ವರದಿ ಇಟ್ಟುಕೊಳ್ಳಿ, ಮುಂದೆ ಯಾವಾಗ ರಕ್ತ ಕೊಟ್ಟರೂ ಪುಡಿಯ ವಿಷಯ ಮೊದಲೇ ಹೇಳಿ.