ಸಣ್ಣ ಉರಿಯಲ್ಲಿ ಕರಿದ ವಡೆ ಏಕೆ ಎಣ್ಣೆ ಕುಡಿಯುತ್ತದೆ?

ಪ್ರಶ್ನೆ: ಉದ್ದಿನ ವಡೆ ಕರಿಯುವಾಗ ಮೊದಲು ಹಾಕಿದ ಒಂದೆರಡು ಚೆನ್ನಾಗಿ ಬರುತ್ತವೆ. ಆಮೇಲೆ ಐದಾರು ಒಟ್ಟಿಗೆ ಹಾಕಿದರೆ ಎಣ್ಣೆ ಕುಡಿದು ಭಾರವಾಗುತ್ತವೆ. ಪೂರಿಯೂ ಕೆಲವೊಮ್ಮೆ ಉಬ್ಬದೆ ಜಿಡ್ಡಾಗಿ ಉಳಿಯುತ್ತದೆ. ಎಣ್ಣೆ ಕಡಿಮೆ ಹೀರಲಿ ಎಂದು ಉರಿ ಸಣ್ಣ ಮಾಡಿ ನಿಧಾನವಾಗಿ ಕರಿಯುತ್ತೇನೆ. ಆದರೂ ಹೀಗಾಗುವುದು ಏಕೆ?

ಉತ್ತರ: ನೀವು ಪರಿಹಾರವೆಂದು ಮಾಡುತ್ತಿರುವ ಆ ಸಣ್ಣ ಉರಿಯೇ ಕಾರಣ.

ಹಿಟ್ಟಿನಲ್ಲಿ ನೀರಿದೆ. ಕಾದ ಎಣ್ಣೆಗೆ ಬಿದ್ದ ಕೂಡಲೇ ಮೇಲ್ಪದರದ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ವಡೆಯ ಸುತ್ತ ಏಳುವ ಗುಳ್ಳೆಗಳು ಈ ಆವಿಯೇ. ಅದು ರಭಸದಿಂದ ಹೊರಗೆ ಬರುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳನುಗ್ಗಲು ದಾರಿ ಸಿಗುವುದಿಲ್ಲ. ಅದೇ ಹೊತ್ತಿಗೆ ಮೇಲ್ಪದರ ಒಣಗಿ ಗಟ್ಟಿ ಹೊರಪದರವಾಗುತ್ತದೆ. ಎಣ್ಣೆಯ ಬಿಸಿ ಸಾಲದಿದ್ದರೆ ಆವಿ ದುರ್ಬಲವಾಗುತ್ತದೆ, ಹೊರಪದರ ಕೂಡುವುದು ತಡವಾಗುತ್ತದೆ, ಬಣ್ಣ ಬರಲಿ ಎಂದು ನೀವು ವಡೆಯನ್ನು ಇನ್ನಷ್ಟು ಹೊತ್ತು ಎಣ್ಣೆಯಲ್ಲಿ ಬಿಡುತ್ತೀರಿ. ಅಷ್ಟೂ ಹೊತ್ತು ಮೆತ್ತನೆಯ ಹಿಟ್ಟು ಎಣ್ಣೆಯಲ್ಲಿ ನೆನೆಯುತ್ತದೆ.

ಇದಕ್ಕಿಂತ ಮುಖ್ಯವಾದ ಮತ್ತೊಂದು ಸಂಗತಿಯಿದೆ. ಒಳಗೆ ಸೇರುವ ಎಣ್ಣೆಯಲ್ಲಿ ಹೆಚ್ಚಿನ ಪಾಲು ಸೇರುವುದು ವಡೆಯನ್ನು ಬಾಣಲೆಯಿಂದ ಎತ್ತಿದ ಮೇಲೆ. ಎತ್ತಿದ ಕ್ಷಣದಿಂದ ವಡೆ ಆರತೊಡಗುತ್ತದೆ. ಒಳಗಿನ ಸಣ್ಣ ಸಣ್ಣ ರಂಧ್ರಗಳಲ್ಲಿದ್ದ ಆವಿ ತಣ್ಣಗಾಗಿ ನೀರಾಗುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ. ಆಗ ಮೈಮೇಲೆ ಅಂಟಿಕೊಂಡಿರುವ ಎಣ್ಣೆ ಒಳಗೆ ಎಳೆದುಕೊಳ್ಳುತ್ತದೆ. ಮೈಮೇಲೆ ಎಷ್ಟು ಎಣ್ಣೆ ಉಳಿದಿದೆಯೋ ಅಷ್ಟಕ್ಕೂ ಒಳಗೆ ಹೋಗುವ ಅವಕಾಶವಿದೆ. ಕಡಿಮೆ ಬಿಸಿಯ ಎಣ್ಣೆ ಮಂದವಾಗಿರುವುದರಿಂದ ಸರಾಗವಾಗಿ ಇಳಿದುಹೋಗದೆ ಮೈಗೆ ದಪ್ಪವಾಗಿ ಅಂಟುತ್ತದೆ. ಹೀಗೆ ಸಣ್ಣ ಉರಿ ಬಾಣಲೆಯಲ್ಲೂ ನಷ್ಟ ಮಾಡುತ್ತದೆ, ತಟ್ಟೆಯಲ್ಲೂ ನಷ್ಟ ಮಾಡುತ್ತದೆ.

ಇನ್ನು ಒಟ್ಟಿಗೆ ಹಾಕಿದ ಐದಾರು ವಡೆಗಳ ವಿಷಯ. ಒಂದು ಲೆಕ್ಕ ನೋಡೋಣ. ಬಾಣಲೆಯಲ್ಲಿ ಮುಕ್ಕಾಲು ಲೀಟರ್ ಎಣ್ಣೆ 175 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ ಎಂದುಕೊಳ್ಳಿ. ಒಂದೊಂದು ವಡೆಯ ಹಿಟ್ಟು ಸುಮಾರು 45 ಗ್ರಾಂ, ಆರು ವಡೆಗೆ 270 ಗ್ರಾಂ. ಈ ತಣ್ಣನೆಯ ಹಿಟ್ಟು ನೀರು ಕುದಿಯುವ ಮಟ್ಟಕ್ಕೆ ಬರಲು ಬೇಕಾದ ಶಾಖವನ್ನೆಲ್ಲ ಎಣ್ಣೆಯಿಂದಲೇ ತೆಗೆದುಕೊಂಡರೆ ಎಣ್ಣೆ ಸುಮಾರು 40 ಡಿಗ್ರಿ ಇಳಿಯುತ್ತದೆ. 175 ಇದ್ದದ್ದು 135ಕ್ಕೆ ಬಂದು ನಿಲ್ಲುತ್ತದೆ. ನೀರು ಆವಿಯಾಗಲು ಬೇಕಾಗುವ ಶಾಖ ಇದರಲ್ಲಿ ಇನ್ನೂ ಸೇರಿಲ್ಲ, ಅದು ಇದಕ್ಕಿಂತಲೂ ಹೆಚ್ಚಿನದು. ಈ ಕೊರತೆಯನ್ನು ತುಂಬಬೇಕಾದದ್ದು ಒಲೆ. ಉರಿ ದೊಡ್ಡದಿದ್ದರೆ ಒಂದೆರಡು ನಿಮಿಷದಲ್ಲಿ ಎಣ್ಣೆ ಚೇತರಿಸಿಕೊಳ್ಳುತ್ತದೆ. ಸಣ್ಣ ಉರಿಯಲ್ಲಿ ವಡೆ ಬೇಯುವಷ್ಟು ಹೊತ್ತೂ ಚೇತರಿಸಿಕೊಳ್ಳುವುದಿಲ್ಲ. ಮೊದಲ ಎರಡು ವಡೆ ಚೆನ್ನಾಗಿ ಬಂದದ್ದು ಹಿಟ್ಟಿನ ಗುಣದಿಂದಲ್ಲ. ಎರಡೇ ಇದ್ದುದರಿಂದ ಎಣ್ಣೆ ಹದಿಮೂರು ಡಿಗ್ರಿಯ ಆಸುಪಾಸು ಮಾತ್ರ ಇಳಿಯಿತು.

ಹಾಗಾಗಿ ಇಷ್ಟು ಎಣ್ಣೆಗೆ ಒಂದು ಸಲಕ್ಕೆ ಮೂರು ವಡೆ ಸಾಕು. ಎಣ್ಣೆ 175ರಿಂದ 180ಕ್ಕೆ ಬಂದ ಮೇಲೆ ಹಾಕಿ, ಹಾಕುವಾಗ ಉರಿ ದೊಡ್ಡದಿರಲಿ. ಗುಳ್ಳೆಗಳ ಅಬ್ಬರ ಮತ್ತೆ ಜೋರಾದಾಗ ಮಧ್ಯಮಕ್ಕೆ ಇಳಿಸಿ, ಇಲ್ಲದಿದ್ದರೆ ಹೊರಗೆ ಕೆಂಪಾಗಿ ನಡುವೆ ಹಸಿಯಾಗಿ ಉಳಿಯುತ್ತದೆ. ವಡೆ ಕೆಂಪಾಗಿ ಗುಳ್ಳೆಗಳು ವಿರಳವಾದವು ಎಂದರೆ ಎತ್ತುವ ಹೊತ್ತು ಬಂತು. ವಡೆ ಇನ್ನೂ ಬಿಳಿಚಿಕೊಂಡಿರುವಾಗಲೇ ಗುಳ್ಳೆಗಳು ಮಂದವಾದರೆ ಎಣ್ಣೆ ಆರಿದೆ ಎಂದು ತಿಳಿಯಿರಿ, ಉರಿ ಹೆಚ್ಚಿಸಿ. ತೆಗೆಯುವ ಮುಂಚಿನ ಅರ್ಧ ನಿಮಿಷ ಉರಿಯನ್ನು ಮತ್ತೆ ಏರಿಸುವುದು ನನ್ನ ರೂಢಿ. ಬಿಸಿ ಎಣ್ಣೆ ತೆಳುವಾಗಿ ಬೇಗ ಇಳಿದುಹೋಗುತ್ತದೆ.

ಎತ್ತಿದ ವಡೆಯನ್ನು ತೂತಿನ ಸೌಟಿನಲ್ಲಿ ಬಾಣಲೆಯ ಮೇಲೆಯೇ ಹತ್ತು ಹದಿನೈದು ಸೆಕೆಂಡು ಹಿಡಿದು, ಒಮ್ಮೆ ಮೆಲ್ಲಗೆ ಕೊಡವಿ. ಮೇಲೆ ಹೇಳಿದ ಎಳೆತ ಶುರುವಾಗುವ ಮೊದಲೇ ಎಣ್ಣೆ ಇಳಿಯಬೇಕು. ಅದಕ್ಕಾಗಿಯೇ ಕಾಗದದ ಮೇಲೆ ಹರಡುವುದಾದರೂ ಕೂಡಲೇ ಆಗಬೇಕು, ಐದು ನಿಮಿಷದ ಮೇಲೆ ಒತ್ತಿ ಒರೆಸಿದರೆ ಹೆಚ್ಚು ಪ್ರಯೋಜನವಿಲ್ಲ. ಬಿಸಿ ವಡೆಗಳನ್ನು ಪಾತ್ರೆಯಲ್ಲಿ ಒಂದರ ಮೇಲೊಂದು ರಾಶಿ ಹಾಕಬೇಡಿ. ಮೇಲಿನವುಗಳ ಎಣ್ಣೆ ಕೆಳಗಿನವುಗಳಿಗೆ ಇಳಿಯುತ್ತದೆ, ಆವಿಗೆ ಹೊರಪದರವೂ ಮೆತ್ತಗಾಗುತ್ತದೆ.

ಪೂರಿಗೆ ಇನ್ನೂ ಸ್ವಲ್ಪ ಹೆಚ್ಚು ಬಿಸಿ ಬೇಕು, 185ರಿಂದ 190. ಅದು ತೆಳುವಾದ್ದರಿಂದ ಅರ್ಧ ನಿಮಿಷದಲ್ಲಿ ಬೆಂದುಬಿಡುತ್ತದೆ, ಒಳಗೆ ಹಸಿ ಉಳಿಯುವ ಭಯವಿಲ್ಲ. ಎರಡೂ ಬದಿಯ ಪದರ ಕ್ಷಣದಲ್ಲಿ ಗಟ್ಟಿಯಾಗಿ, ನಡುವೆ ಹುಟ್ಟಿದ ಆವಿ ಹೊರಗೆ ಹೋಗಲಾರದೆ ಅವನ್ನು ಬೇರ್ಪಡಿಸಿದಾಗ ಪೂರಿ ಉಬ್ಬುತ್ತದೆ. ಎಣ್ಣೆ ಆರಿದ್ದರೆ ಪದರ ಗಟ್ಟಿಯಾಗುವ ಮುಂಚೆಯೇ ಆವಿ ಸೋರಿಹೋಗುತ್ತದೆ, ಪೂರಿ ಚಪ್ಪಟೆಯಾಗಿ ಉಳಿದು ಎಣ್ಣೆ ಹೀರುತ್ತದೆ. ಒಂದೊಂದಾಗಿಯೇ ಹಾಕಿ. ಲಟ್ಟಿಸುವಾಗ ಒಣಹಿಟ್ಟಿನ ಬದಲು ಎರಡು ಹನಿ ಎಣ್ಣೆ ಸವರಿಕೊಳ್ಳಿ, ಉದುರಿದ ಹಿಟ್ಟು ಬಾಣಲೆಯ ತಳದಲ್ಲಿ ಸೀದು ಎಣ್ಣೆಯನ್ನು ಬೇಗ ಕೆಡಿಸುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ಕಡಲೆಕಾಳಿನಷ್ಟು ಹಿಟ್ಟು ಹಾಕಿ ನೋಡಿ. ತಳ ಸೇರಿ ನಿಧಾನವಾಗಿ ಎದ್ದರೆ ಬಿಸಿ ಸಾಲದು. ಮುಳುಗಿದಂತೆ ಮಾಡಿ ಎರಡು ಮೂರು ಸೆಕೆಂಡಿನಲ್ಲಿ ಗುಳ್ಳೆಗಳೊಂದಿಗೆ ಮೇಲೆ ಬಂದರೆ ಸರಿ. ಬಿದ್ದ ತಕ್ಷಣ ಕಪ್ಪಾದರೆ ಹೆಚ್ಚಾಗಿದೆ, ಒಲೆ ಆರಿಸಿ ಕಾಯಿರಿ. ಹೊಗೆ ಬರುವವರೆಗೆ ಕಾಯಿಸಲೇಬೇಡಿ. ಪ್ರತಿ ಸಲ ಹೊಸದಾಗಿ ಹಾಕುವ ಮುಂಚೆ ಈ ಪರೀಕ್ಷೆ ಮಾಡಬೇಕು, ಶುರುವಿನಲ್ಲಿ ಒಮ್ಮೆ ಮಾಡಿದರೆ ಸಾಲದು.

ಬಿಸಿ ಸರಿಯಿದ್ದೂ ಎಣ್ಣೆ ನಿಂತರೆ ಒಂದು ವಡೆ ಮುರಿದು ನೋಡಿ. ಜಿಡ್ಡು ಅಂಚಿನಲ್ಲಷ್ಟೇ ಇದ್ದರೆ ಸೋರಿಸುವುದರಲ್ಲಿ ಕೊರತೆ. ನಡುವಿನವರೆಗೂ ಇದ್ದರೆ ಹಿಟ್ಟನ್ನು ಶಂಕಿಸಿ: ರುಬ್ಬುವಾಗ ನೀರು ಹೆಚ್ಚಾಗಿರಬಹುದು ಅಥವಾ ಸೋಡಾ ಬಿದ್ದಿರಬಹುದು. ಸೋಡಾ ಹಿಟ್ಟಿನ ತುಂಬ ರಂಧ್ರ ಮಾಡುತ್ತದೆ, ಎಣ್ಣೆ ನೆಲೆ ಹುಡುಕುವುದು ಅಲ್ಲಿಯೇ. ಹಲವು ಸಲ ಕಾಯಿಸಿ ಕಪ್ಪಾದ, ಕರಿಯುವಾಗ ನೊರೆ ಕಟ್ಟುವ ಎಣ್ಣೆಯೂ ಹೆಚ್ಚು ಅಂಟುತ್ತದೆ, ಅದನ್ನು ಬಿಸಿಯಿಂದ ಸರಿಪಡಿಸಲಾಗದು.