ಕಲ್ಲಲ್ಲ, ಚೀಲವೇ ಹೋಗುತ್ತದೆ: ಒಂದು ರೋಗಿ ಕರಪತ್ರದ ಕರಡಿಗೆ ಉತ್ತರ

«ಮಾನ್ಯ ಸಂಪಾದಕರೇ, ನಾನು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಪಿತ್ತಕೋಶದ ಕಲ್ಲಿಗೆ ಮಾಡುವ ಲ್ಯಾಪರೊಸ್ಕೋಪಿ ಆಪರೇಷನ್ ಬಗ್ಗೆ ನಮ್ಮ ಸರ್ಜನ್ ಬರೆದ ಟಿಪ್ಪಣಿಯನ್ನು ರೋಗಿಗಳಿಗಾಗಿ ಸರಳ ಕನ್ನಡಕ್ಕೆ ತಂದಿದ್ದೇನೆ. ಎರಡನ್ನೂ ಕಳುಹಿಸಿದ್ದೇನೆ. ಒಂದು ಪದವೂ ಬಿಟ್ಟುಹೋಗದಂತೆ ನೋಡಿಕೊಂಡಿದ್ದರೂ ಓದಿದವರು ಮತ್ತೆ ನನ್ನನ್ನೇ ಬಂದು ಕೇಳುತ್ತಾರೆ. ಎಲ್ಲಿ ತಪ್ಪಿದ್ದೇನೆಂದು ಮುಚ್ಚುಮರೆಯಿಲ್ಲದೆ ತಿಳಿಸಿ.»

ನಮಸ್ಕಾರ. ನಿಮ್ಮ ಕರಡನ್ನು ಟಿಪ್ಪಣಿಯ ಪಕ್ಕದಲ್ಲಿಟ್ಟುಕೊಂಡು ಎರಡು ಸಲ ಓದಿದೆ. ಅನುವಾದವೆಂದು ನೋಡಿದರೆ ಅದರಲ್ಲಿ ದೋಷವಿಲ್ಲ. ಆದರೆ ಆ ಟಿಪ್ಪಣಿಯನ್ನು ಸರ್ಜನ್ ತಮ್ಮ ತಂಡಕ್ಕಾಗಿ ಬರೆದುಕೊಂಡಿದ್ದಾರೆ. ತಂಡಕ್ಕೆ ಮೊದಲೇ ಗೊತ್ತಿರುವುದನ್ನು ಅವರು ಬರೆದಿಲ್ಲ, ನೀವೂ ಬರೆದಿಲ್ಲ. ರೋಗಿಗೆ ಬೇಕಾದದ್ದು ಬಹುಪಾಲು ಅದೇ.

ಎಲ್ಲಕ್ಕಿಂತ ದೊಡ್ಡ ಲೋಪವನ್ನು ಮೊದಲು ಹೇಳುತ್ತೇನೆ. ಪಿತ್ತಕೋಶವನ್ನೇ ತೆಗೆದುಹಾಕುತ್ತಾರೆ ಎಂಬ ಮಾತು ನಿಮ್ಮ ಎರಡು ಪುಟಗಳಲ್ಲಿ ಎಲ್ಲಿಯೂ ನೇರವಾಗಿ ಬಂದಿಲ್ಲ. ಟಿಪ್ಪಣಿಯಲ್ಲಿರುವ ಕೊಲೆಸಿಸ್ಟೆಕ್ಟಮಿ ಎಂಬ ಒಂದೇ ಪದ ಸರ್ಜನ್‌ಗೆ ಅದನ್ನು ಪೂರ್ತಿಯಾಗಿ ಹೇಳಿಬಿಡುತ್ತದೆ. ನೀವು ಅದನ್ನು «ಪಿತ್ತಕೋಶ ಛೇದನ» ಎಂದಿದ್ದೀರಿ, ಶೀರ್ಷಿಕೆಯಲ್ಲಿ «ಕಲ್ಲಿನ ಶಸ್ತ್ರಚಿಕಿತ್ಸೆ» ಎಂದಿದ್ದೀರಿ. ಮೂತ್ರಪಿಂಡದ ಕಲ್ಲು ತೆಗೆಸಿಕೊಂಡ ನೆಂಟರೊಬ್ಬರನ್ನು ಕಂಡಿರುವ ಓದುಗರು, ಇಲ್ಲಿಯೂ ಚೀಲವನ್ನು ಕೊಯ್ದು ಕಲ್ಲು ತೆಗೆದು ಮತ್ತೆ ಹೊಲಿಯುತ್ತಾರೆ ಎಂದೇ ತಿಳಿಯುತ್ತಾರೆ. ಹಾಗೆ ತಿಳಿದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ತಾವು ಯಾವುದಕ್ಕೆ ಒಪ್ಪಿದೆವೆಂದು ತಿಳಿದು ಒಪ್ಪಿದಂತಾಗುವುದಿಲ್ಲ. ನಿಮ್ಮ ಮೊದಲ ಪ್ಯಾರಾ ಹೀಗಿರಲಿ:

«ನಿಮ್ಮ ಹೊಟ್ಟೆಯ ಬಲಭಾಗದಲ್ಲಿ, ಲಿವರ್‌ನ ಕೆಳಗೆ, ಪಿತ್ತರಸವನ್ನು ಕೂಡಿಡುವ ಒಂದು ಸಣ್ಣ ಚೀಲವಿದೆ. ಅದರ ಹೆಸರು ಪಿತ್ತಕೋಶ (ಗಾಲ್ ಬ್ಲಾಡರ್). ಅದರಲ್ಲಿ ಕಲ್ಲುಗಳಾಗಿವೆ. ಈ ಆಪರೇಷನ್‌ನಲ್ಲಿ ಕಲ್ಲುಗಳ ಸಮೇತ ಇಡೀ ಚೀಲವನ್ನು ತೆಗೆಯುತ್ತೇವೆ. ಕಲ್ಲನ್ನು ಮಾತ್ರ ತೆಗೆದು ಚೀಲ ಬಿಟ್ಟರೆ ಮತ್ತೆ ಕಲ್ಲಾಗುವ ಸಂಭವ ಹೆಚ್ಚು. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ; ಚೀಲವಿಲ್ಲದಿದ್ದರೂ ಅದು ನೇರವಾಗಿ ಕರುಳಿಗೆ ಹರಿಯುತ್ತದೆ, ಊಟ ಜೀರ್ಣವಾಗುತ್ತದೆ.»

ಇಲ್ಲಿ ಲಿವರ್ ಎಂದು ಬೇಕೆಂದೇ ಬರೆದಿದ್ದೇನೆ. ನೀವು ಪಠ್ಯಪುಸ್ತಕದ ಪದ್ಧತಿಯಂತೆ ಪಿತ್ತಜನಕಾಂಗ ಎಂದಿದ್ದೀರಿ. ಪಿತ್ತಕೋಶ, ಪಿತ್ತಜನಕಾಂಗ, ಪಿತ್ತನಾಳ ಮೂರೂ ಒಂದೇ ವಾಕ್ಯದಲ್ಲಿ ಬಂದಾಗ, ತೆಗೆಯುವುದು ಯಾವುದನ್ನು, ಉಳಿಸುವುದು ಯಾವುದನ್ನು ಎಂಬುದು ಗಾಬರಿಯಲ್ಲಿರುವ ಓದುಗರಿಗೆ ತಿಳಿಯುವುದಿಲ್ಲ. ನಮ್ಮ ಮಾತಿನಲ್ಲಿ ಪಿತ್ತಕ್ಕೆ ಬೇರೆಯೇ ಅರ್ಥವಿದೆ ಎಂಬುದನ್ನೂ ಮರೆಯಬೇಡಿ. ತಲೆಸುತ್ತು, ವಾಕರಿಕೆ, ಹುಳಿತೇಗು ಬಂದರೆ ಪಿತ್ತ ಹೆಚ್ಚಾಗಿದೆ ಎನ್ನುತ್ತೇವೆ. ಪಿತ್ತದ ಚೀಲ ತೆಗೆಸಿದರೆ ಆ ಪಿತ್ತವೂ ಹೋಗುತ್ತದೆಂದು ನಂಬಿ ಬರುವವರಿದ್ದಾರೆ. ಹುಳಿತೇಗಿಗೆ ಈ ಆಪರೇಷನ್ ಮದ್ದಲ್ಲ ಎಂಬ ಒಂದು ವಾಕ್ಯವನ್ನು ಸೇರಿಸಿ. ಲ್ಯಾಪರೊಸ್ಕೋಪಿಯನ್ನು ಲೇಸರ್ ಎಂದುಕೊಳ್ಳುವವರಿಗಾಗಿ, ಹೊಟ್ಟೆಯ ಮೇಲೆ ಸಾಮಾನ್ಯವಾಗಿ ನಾಲ್ಕು ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳನ್ನು ಒಳಗೆ ಬಿಡುತ್ತಾರೆ ಎಂದರೆ ಸಾಕು.

ಇನ್ನು ಬಾಯಿಯ ಮೂಲಕ ಏನನ್ನೂ ಕೊಡಬಾರದು ಎಂದು ಸೂಚಿಸುವ ಎನ್‌ಪಿಒ ಎಂಬ ಮೂರಕ್ಷರ. ಅದನ್ನು ನೀವು «ಆರು ಗಂಟೆ ಮೊದಲಿನಿಂದ ಊಟ ಮಾಡಬಾರದು» ಎಂದು ತಂದಿದ್ದೀರಿ. ನನ್ನ ಚಿಕ್ಕಮ್ಮನ ಕೈಗೂ ಇಂಥದೇ ಸೂಚನೆಯ ಒಂದು ಚೀಟಿ ಬಂದಿತ್ತು. ಅವರು ಊಟ ಮಾಡಲಿಲ್ಲ. ಬೆಳಿಗ್ಗೆ ಆರಕ್ಕೆ ಎರಡು ಇಡ್ಲಿ ತಿಂದು, ಹಾಲು ಹಾಕಿದ ಕಾಫಿ ಕುಡಿದು ಹೊರಟರು. ಅವರ ಮಟ್ಟಿಗೆ ಅದು ತಿಂಡಿ, ಊಟವಲ್ಲ. ಆಪರೇಷನ್ ಮುಂದಕ್ಕೆ ಹೋಯಿತು, ಎಲ್ಲರೂ ಅವರನ್ನೇ ಗದರಿದರು. ಅವರು ಬರೆದದ್ದನ್ನು ಬರೆದ ಹಾಗೆಯೇ ಪಾಲಿಸಿದ್ದರು. ಆದ್ದರಿಂದ ತಿಂಡಿ, ಹಣ್ಣು, ಗಂಜಿ, ಮಜ್ಜಿಗೆ, ಹಾಲು, ಕಾಫಿ, ಚಹಾ, ಎಲೆ ಅಡಿಕೆ ಎಂದು ಒಂದೊಂದನ್ನೂ ಹೆಸರಿಸಿ. ಗಂಟೆಯ ಲೆಕ್ಕವನ್ನು ರೋಗಿಗೆ ಬಿಡದೆ ಗಡಿಯಾರದ ಸಮಯವನ್ನೇ ಕೊಡಿ. ಬೆಳಿಗ್ಗೆ 8ಕ್ಕೆ ಆಪರೇಷನ್ ಇದ್ದರೆ «ರಾತ್ರಿ 2 ಗಂಟೆಯ ನಂತರ ಏನನ್ನೂ ತಿನ್ನಬೇಡಿ, ಹಾಲು ಬೆರೆತದ್ದನ್ನು ಕುಡಿಯಬೇಡಿ, ಬರಿಯ ನೀರನ್ನು ಬೆಳಿಗ್ಗೆ 6ರವರೆಗೆ ಕುಡಿಯಬಹುದು» ಎಂದಾಗುತ್ತದೆ. ನಿಮ್ಮಲ್ಲಿನ ಅರಿವಳಿಕೆ ತಜ್ಞರು ಬೇರೆ ಸಮಯ ಹೇಳಿದರೆ ಅದನ್ನೇ ಹಾಕಿ. ಕಾರಣವನ್ನೂ ಬರೆಯಿರಿ: ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯದಲ್ಲಿ ಮಾತ್ರ ನೀವಾಗಿಯೇ ಏನನ್ನೂ ಬರೆಯಬೇಡಿ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರು ಕೈಯಾರೆ ತುಂಬುವಂತೆ ಖಾಲಿ ಗೆರೆ ಬಿಡಿ.

ಅಪಾಯಗಳ ಭಾಗದಲ್ಲಿ «ಸಾಮಾನ್ಯ ಪಿತ್ತನಾಳದ ಹಾನಿ, ಶೇ. 0.3ರಿಂದ 0.5» ಎಂದಿದೆ. ಇದನ್ನು ಓದಿದವರು ಹಾನಿಯೇ ಸಾಮಾನ್ಯವಾದದ್ದು ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ಸಾಮಾನ್ಯ ಪಿತ್ತನಾಳವೆಂದರೆ ಲಿವರ್‌ನಿಂದ ಕರುಳಿಗೆ ಪಿತ್ತರಸ ಒಯ್ಯುವ ಮುಖ್ಯ ನಾಳ. ಅದಕ್ಕೆ ಪೆಟ್ಟಾದರೆ ಇನ್ನೊಂದು ದೊಡ್ಡ ಆಪರೇಷನ್ ಬೇಕಾಗಬಹುದು. «ಈ ಆಪರೇಷನ್ ಆದ ಸಾವಿರ ಜನರಲ್ಲಿ ಮೂವರಿಂದ ಐವರಿಗೆ ಹೀಗಾಗಬಹುದು» ಎಂದರೆ ಅಪಾಯ ವಿರಳವೆಂಬುದೂ ಗಂಭೀರವೆಂಬುದೂ ಒಟ್ಟಿಗೆ ತಿಳಿಯುತ್ತದೆ. ಅದೇ ಪಟ್ಟಿಯಲ್ಲಿ «ಮುಕ್ತ ಶಸ್ತ್ರಚಿಕಿತ್ಸೆಗೆ ಪರಿವರ್ತನೆ» ಎಂಬುದನ್ನೂ ಸೇರಿಸಿದ್ದೀರಿ. ಅದು ಅಪಾಯವಲ್ಲ, ಅಪಾಯವನ್ನು ತಪ್ಪಿಸಲು ಸರ್ಜನ್ ಕೈಗೊಳ್ಳುವ ತೀರ್ಮಾನ. ಉರಿಯೂತದಿಂದ ಒಳಗೆಲ್ಲ ಅಂಟಿಕೊಂಡು ನಾಳಗಳು ಸ್ಪಷ್ಟವಾಗಿ ಕಾಣದಿದ್ದರೆ ಹೊಟ್ಟೆಯನ್ನು ಕೊಯ್ದೇ ಚೀಲ ತೆಗೆಯಬೇಕಾಗುತ್ತದೆ, ಆಗ ಗಾಯ ದೊಡ್ಡದಾಗುತ್ತದೆ, ಆಸ್ಪತ್ರೆಯಲ್ಲಿ ಇನ್ನೂ ಕೆಲವು ದಿನ ಇರಬೇಕಾಗುತ್ತದೆ ಎಂದು ಬೇರೆಯಾಗಿ ಬರೆಯಿರಿ. ಇಲ್ಲದಿದ್ದರೆ ದೊಡ್ಡ ಗಾಯದೊಂದಿಗೆ ಎಚ್ಚರಗೊಂಡವರ ಮನೆಯವರು ಏನೋ ಎಡವಟ್ಟಾಗಿದೆ ಎಂದೇ ಭಾವಿಸುತ್ತಾರೆ.

ಪಿತ್ತಕೋಶದ ನಾಳ ಮತ್ತು ರಕ್ತನಾಳವನ್ನು ಗುರುತಿಸುವ ಜಾಗವಾದ ಕ್ಯಾಲೋ ತ್ರಿಕೋನವನ್ನು ಬಿಡಿಸಿ ನೋಡುವ ಕ್ರಮಕ್ಕೆ ನೀವು ಅರ್ಧ ಪುಟ ಕೊಟ್ಟಿದ್ದೀರಿ. ಅದಕ್ಕೆ ಪಟ್ಟ ಶ್ರಮ ಕಾಣುತ್ತದೆ, ಆದರೂ ಪೂರ್ತಿ ತೆಗೆದುಬಿಡಿ. ಅದರಲ್ಲಿ ರೋಗಿಗೆ ಬೇಕಾದದ್ದು ಒಂದೇ: ಪಿತ್ತಕೋಶದ ನಾಳಕ್ಕೆ ಮತ್ತು ರಕ್ತನಾಳಕ್ಕೆ ಹಾಕಿದ ಪುಟ್ಟ ಕ್ಲಿಪ್‌ಗಳು ಒಳಗೇ ಉಳಿಯುತ್ತವೆ. ಮುಂದೆಂದೋ ಎಕ್ಸ್‌ರೇಯಲ್ಲಿ ಅವು ಕಂಡಾಗ ಗಾಬರಿಯಾಗಬಾರದು, ಎಂಆರ್‌ಐ ಮಾಡಿಸುವ ಮುನ್ನ ಅವುಗಳ ವಿಷಯ ಹೇಳಬೇಕು. ತೆಗೆದ ಚೀಲವನ್ನು ಲ್ಯಾಬ್‌ಗೆ ಕಳುಹಿಸುವುದು ವಾಡಿಕೆಯ ಕ್ರಮವೆಂದೂ ಹೇಳಿ. ಬರಿಯ «ಬಯಾಪ್ಸಿ» ಎಂಬ ಪದ ಕಂಡರೆ ಕ್ಯಾನ್ಸರ್ ಎಂದು ಮನೆಯವರೆಲ್ಲ ನಡುಗುತ್ತಾರೆ.

ತೆಗೆದ ಅರ್ಧ ಪುಟದ ಜಾಗದಲ್ಲಿ ಟಿಪ್ಪಣಿಯಲ್ಲಿಲ್ಲದ ಎರಡು ಸಂಗತಿ ಬರಲಿ. ಆಪರೇಷನ್ ಆದ ಮೇಲೆ ಬಲ ಭುಜ ನೋಯಬಹುದು. ಹೊಟ್ಟೆ ಉಬ್ಬಿಸಲು ಬಳಸಿದ ಅನಿಲ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ಕೆಣಕುವುದರಿಂದ ಹಾಗಾಗುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಅರ್ಧರಾತ್ರಿಯಲ್ಲಿ ಹೃದಯಾಘಾತವೆಂದು ಹೆದರುತ್ತಾರೆ. ಆದರೆ ಎದೆ ಬಿಗಿದರೆ ಅಥವಾ ಉಸಿರು ಕಟ್ಟಿದರೆ ಕಾಯಬಾರದು ಎಂಬುದೂ ಅದರ ಜೊತೆಯಲ್ಲೇ ಇರಲಿ. ಎರಡನೆಯದು, ಮನೆಗೆ ಹೋದ ಮೇಲೆ ಯಾವಾಗ ಮರಳಿ ಬರಬೇಕೆಂಬುದು. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಮಲ ಬಿಳಿಚಿಕೊಂಡರೆ, ಚಳಿ ಜ್ವರ ಬಂದರೆ, ಹೊಟ್ಟೆನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಬರಬೇಕು. ಪಿತ್ತರಸ ಸೋರುತ್ತಿರುವುದು, ಮುಖ್ಯ ನಾಳದಲ್ಲಿ ಕಲ್ಲು ಉಳಿದಿರುವುದು ಗೊತ್ತಾಗುವುದು ಹೆಚ್ಚಾಗಿ ಈ ಲಕ್ಷಣಗಳಿಂದಲೇ. ಈ ಭಾಗವನ್ನು ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ ರಾತ್ರಿಯೂ ಯಾರಾದರೂ ಎತ್ತುವ ಫೋನ್ ಸಂಖ್ಯೆ ಕೊಡಿ.

ತಿದ್ದಿದ ಪ್ರತಿಯನ್ನು ಮೊದಲು ಸರ್ಜನ್ ಮತ್ತು ಅರಿವಳಿಕೆ ತಜ್ಞರಿಗೆ ತೋರಿಸಿ. ಅವರು ಒಪ್ಪಿದ ಮೇಲೆ ವಾರ್ಡಿನ ಇಬ್ಬರು ಮೂವರಿಗೆ ಓದಲು ಕೊಟ್ಟು, ಅರ್ಥವಾಯಿತೇ ಎಂದು ಕೇಳದೆ, «ಆಪರೇಷನ್ ದಿನ ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡುತ್ತೀರಿ, ಹೇಳಿ» ಎಂದು ಕೇಳಿ. ಯಾರಾದರೂ ಕಾಫಿಯ ಮಾತೆತ್ತಿದರೆ ಆ ವಾಕ್ಯವನ್ನು ಮತ್ತೆ ತಿದ್ದಿ, ಆಮೇಲೆ ನನಗೆ ಕಳುಹಿಸಿ.