640 ಪದಗಳನ್ನು 500ಕ್ಕೆ ಇಳಿಸುವಾಗ

“ಮೂವರು ಸೇರಿ ಬರೆದ ಪ್ರಬಂಧ 640 ಪದ ಆಗಿದೆ, ಮಿತಿ 500. ಮುಖ್ಯ ವಾದ ಕೆಡದ ಹಾಗೆ ಎಲ್ಲಿ ಕತ್ತರಿಸೋದು?”

ಮೊದಲೇ ಪದಗಳಿಗೆ ಕೈ ಹಾಕಬೇಡಿ. ಮೂವರೂ ಬೇರೆ ಬೇರೆಯಾಗಿ ಪ್ರಬಂಧದ ವಾದವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಮೂರೂ ಹೊಂದದಿದ್ದರೆ ಅದನ್ನು ಇತ್ಯರ್ಥ ಮಾಡಿಕೊಳ್ಳಿ. ಆಮೇಲೆ ಆ ವಾಕ್ಯಕ್ಕೆ ಆಧಾರವಾಗದ ಪ್ಯಾರಾವನ್ನು, ಎಷ್ಟೇ ಚೆನ್ನಾಗಿದ್ದರೂ, ಇಡಿಯಾಗಿ ತೆಗೆಯಿರಿ. ಒಬ್ಬೊಬ್ಬರೂ ತಮ್ಮ ಭಾಗಕ್ಕೊಂದು ಪೀಠಿಕೆ ಹಾಕಿರುತ್ತಾರೆ, ಒಂದು ಸಾಕು. ಎದುರು ವಾದಕ್ಕೆ ಕೊಟ್ಟ ಉತ್ತರವನ್ನು ಮಾತ್ರ ಮುಟ್ಟಬೇಡಿ. ಅದು ಹೋದರೆ ಉಳಿಯುವುದು ಬರೀ ಘೋಷಣೆ.

ಮಿಕ್ಕಿದ್ದು ವಾಕ್ಯದೊಳಗೇ ಸಿಗುತ್ತದೆ. ‘ಮೊಬೈಲ್ ಬಳಕೆಯ ಮೇಲೆ ನಿಯಂತ್ರಣವನ್ನು ಹೇರಬೇಕಾದ ಅಗತ್ಯವಿದೆ ಎಂಬುದು ನಮ್ಮ ಅಭಿಪ್ರಾಯವಾಗಿದೆ’ ಅಂದರೆ 9 ಪದ. ‘ಮೊಬೈಲ್ ಬಳಕೆಗೆ ಮಿತಿ ಬೇಕು’ ಅಂದರೆ ನಾಲ್ಕೇ. ಈ ಹಂತದಲ್ಲಿ ಕತ್ತರಿ ಒಬ್ಬರ ಕೈಯಲ್ಲೇ ಇರಲಿ, ಇಲ್ಲದಿದ್ದರೆ ಒಬ್ಬರು ತೆಗೆದದ್ದನ್ನು ಇನ್ನೊಬ್ಬರು ವಾಪಸ್ ಸೇರಿಸುತ್ತಾರೆ.